ಇಂಟರ್ವಲ್ ಎಲ್ಲಿ ಬಿಡಬೇಕು?

ಪ್ರಶ್ನೆ: ಸರ್, ನನ್ನ ಮೊದಲ ಸಿನಿಮಾ ಈಗ ಎಡಿಟಿಂಗ್‌ನಲ್ಲಿದೆ. ಉದ್ದ 104 ನಿಮಿಷ. ಶಿರಸಿಯಿಂದ ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ ಒಂದೇ ರಾತ್ರಿ ನಡೆಯುವ ಸಸ್ಪೆನ್ಸ್ ಕಥೆ. ಪ್ರಯಾಣಿಕರಲ್ಲಿ ಯಾರೋ ಒಬ್ಬರು ಓಡಿಹೋಗುತ್ತಿದ್ದಾರೆ. 46ನೇ ನಿಮಿಷಕ್ಕೆ ಬಸ್ಸು ಹೆದ್ದಾರಿ ಹೋಟೆಲಿನ ಮುಂದೆ ನಿಲ್ಲುತ್ತದೆ. 52ಕ್ಕೆ ಹೊರಡುವಾಗ ಕಂಡಕ್ಟರ್ ತಲೆ ಎಣಿಸುತ್ತಾನೆ. ಲೆಕ್ಕ ಸರಿ ಇರುತ್ತದೆ, ಆದರೆ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಕೂತವನು ಮೊದಲಿದ್ದವನಲ್ಲ, ಬೇರೆಯವನು. 55ಕ್ಕೆ ಒಂದು ಮುಖ್ಯವಾದ ಫೋನ್ ಕರೆ. 63ಕ್ಕೆ ಬಸ್ಸಿನೊಳಗೆ ಹೊಡೆದಾಟ. ಇಂಟರ್ವಲ್ ಇಲ್ಲದೆ ಒಂದೇ ಉಸಿರಿಗೆ ತೋರಿಸಬೇಕು ಅಂತ ನನ್ನ ಆಸೆ. ವಿತರಕರು ಒಪ್ಪುತ್ತಿಲ್ಲ. ಹೊಡೆದಾಟವನ್ನು ಇನ್ನೂ ದೊಡ್ಡದಾಗಿ ತೆಗೆದು ಅಲ್ಲೇ ಇಂಟರ್ವಲ್ ಬಿಡಿ ಅನ್ನುತ್ತಾರೆ. ರೀಲು ಬದಲಿಸುವ ಕಾಲ ಹೋಯಿತಲ್ಲ, ಈಗಲೂ ಇಂಟರ್ವಲ್ ಯಾಕೆ? ಹಾಲಿವುಡ್‌ನಲ್ಲಿ ಇಲ್ಲದ್ದು ನಮಗೇಕೆ?

ಉತ್ತರ: ರೀಲಿನ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಸಿನಿಮಾದಲ್ಲೇ ಕೆಲಸ ಮಾಡುವ ಎಷ್ಟೋ ಜನ ಇದನ್ನು ನಂಬಿದ್ದಾರೆ. ಎಡಿಟಿಂಗ್‌ಗೆ ಬರುವ ಮುಂಚೆ ಎರಡು ವರ್ಷ ನಾನು ಒಂದು ತಾಲೂಕು ಊರಿನ ಥಿಯೇಟರಿನಲ್ಲಿ ಆಪರೇಟರ್ ಕೈಕೆಳಗೆ ಕೆಲಸ ಮಾಡಿದ್ದೇನೆ. ಕ್ಯಾಬಿನ್ನಿನಲ್ಲಿ ಎರಡು ಪ್ರೊಜೆಕ್ಟರ್ ಅಕ್ಕಪಕ್ಕ ಇದ್ದವು. 35 ಎಂ.ಎಂ. ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. ಒಂದು ರೀಲು ಸುಮಾರು 1000 ಅಡಿ, ಅಂದರೆ ಹೆಚ್ಚೆಂದರೆ 11 ನಿಮಿಷ. ಎರಡು ರೀಲು ಸೇರಿಸಿ ಸುತ್ತಿದರೂ 20 ನಿಮಿಷದ ಮೇಲೆ ಸ್ವಲ್ಪ, ಅಷ್ಟೆ. ಎರಡೂವರೆ ಗಂಟೆಯ ಚಿತ್ರಕ್ಕೆ ಹದಿನಾಲ್ಕು ಹದಿನೈದು ರೀಲು ಬರುತ್ತಿತ್ತು. ರೀಲು ಬದಲಿಸುವುದಕ್ಕೆ ವಿರಾಮ ಬೇಕಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ದೀಪ ಹಾಕಬೇಕಿತ್ತು, ಅಲ್ವಾ?

ಹಾಗೆ ಆಗುತ್ತಿರಲಿಲ್ಲ. ರೀಲು ಮುಗಿಯಲು ಏಳೆಂಟು ಸೆಕೆಂಡು ಇರುವಾಗ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಬಂದು ಹೋಗುತ್ತಿತ್ತು. ಅದನ್ನು ನೋಡಿದ ಕೂಡಲೇ ಎರಡನೇ ಯಂತ್ರದ ಮೋಟಾರು ಹಾಕಬೇಕು. ಕೊನೆಯ ಸೆಕೆಂಡಿಗೆ ಇನ್ನೊಂದು ಚುಕ್ಕಿ ಬರುತ್ತದೆ. ಆಗ ಒಂದು ಯಂತ್ರದ ಬೆಳಕು ಮುಚ್ಚಿ ಇನ್ನೊಂದರದ್ದು ಬಿಡಬೇಕು. ನಮ್ಮ ಆಪರೇಟರ್ ಇದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದರು ಅಂದರೆ ಕೆಳಗೆ ಕೂತ ಐನೂರು ಜನರಿಗೆ ರೀಲು ಬದಲಾದದ್ದೇ ತಿಳಿಯುತ್ತಿರಲಿಲ್ಲ. ಇಂಟರ್ವಲ್‌ನಲ್ಲಿ ಅವರು ಯಂತ್ರದ ಬೆಳಕಿಗೆ ಉರಿಸುವ ಕಾರ್ಬನ್ ಕಡ್ಡಿ ಬದಲಿಸುತ್ತಿದ್ದರು, ಯಂತ್ರ ಒರೆಸುತ್ತಿದ್ದರು, ಟೀ ಕುಡಿಯುತ್ತಿದ್ದರು. ಸಿಕ್ಕ ಬಿಡುವನ್ನು ಬಳಸಿಕೊಳ್ಳುತ್ತಿದ್ದರು. ಬಿಡುವು ಹುಟ್ಟಿದ್ದು ಅದಕ್ಕಾಗಿ ಅಲ್ಲ.

ರೀಲಿನ ಮಾತು ಪೂರ್ತಿ ನಿಜವಾಗುವುದು ಒಂದೇ ಜಾಗದಲ್ಲಿ, ಟೆಂಟಿನಲ್ಲಿ. ಟೂರಿಂಗ್ ಟಾಕೀಸಿನವರ ಹತ್ತಿರ ಒಂದೇ ಪ್ರೊಜೆಕ್ಟರ್ ಇದ್ದರೆ ಪ್ರತಿ ಸಲ ರೀಲು ಮುಗಿದಾಗಲೂ ನಿಲ್ಲಿಸಲೇಬೇಕಿತ್ತು. ಅಲ್ಲಿ ಒಂದು ಚಿತ್ರಕ್ಕೆ ಹಲವು ಸಲ ದೀಪ ಹತ್ತುತ್ತಿತ್ತು. ಆದರೆ ಅದರಲ್ಲಿ ಒಂದನ್ನು ಮಾತ್ರ ಜನ ಇಂಟರ್ವಲ್ ಅಂತ ಕರೆಯುತ್ತಿದ್ದರು. ಉಳಿದದ್ದಕ್ಕೆ ಶಿಳ್ಳೆ ಹೊಡೆಯುತ್ತಿದ್ದರು. ಯಂತ್ರ ನಿಂತದ್ದು ಬೇರೆ, ಇಂಟರ್ವಲ್ ಬೇರೆ ಅನ್ನುವುದು ನೆಲದ ಮೇಲೆ ಕೂತು ನೋಡುತ್ತಿದ್ದವರಿಗೂ ಗೊತ್ತಿತ್ತು.

ಹಾಗಾದರೆ ಇದು ಬಂದದ್ದು ಎಲ್ಲಿಂದ? ನನ್ನ ಮಟ್ಟಿಗೆ ಉತ್ತರ ಕಂಪನಿ ನಾಟಕದಲ್ಲಿದೆ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ತೆರೆಗೆ ಬಂದದ್ದು 1934ರಲ್ಲಿ. ಅದರಲ್ಲಿ ನಟಿಸಿದ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾವ್ ಇಬ್ಬರೂ ನಾಟಕ ಕಂಪನಿಯವರು. ಸಿನಿಮಾ ನೋಡಲು ಬಂದವರೂ ನಾಟಕ ನೋಡಿ ಬೆಳೆದವರೇ. ಅಂಕದ ಪರದೆ ಬೀಳುವುದು, ಎದ್ದು ಹೊರಗೆ ಹೋಗಿ ಸೋಡಾ ಕುಡಿಯುವುದು, ಯಾರ ಹಾಡು ಚೆನ್ನಾಗಿತ್ತು ಅಂತ ಮಾತಾಡುವುದು, ಗಂಟೆ ಬಾರಿಸಿದಾಗ ಒಳಗೆ ಬರುವುದು, ಇದೆಲ್ಲ ಅವರಿಗೆ ಮೊದಲೇ ರೂಢಿಯಾಗಿತ್ತು. ಹಾಡು, ಹಾಸ್ಯ, ಪುರಾಣದ ಕಥೆ ಬಂದ ದಾರಿಯಲ್ಲೇ ಇದೂ ಬಂತು. ನಮ್ಮಲ್ಲಿ ಮಾತ್ರ ಅಲ್ಲ, ಮರಾಠಿ, ಹಿಂದಿ, ತಮಿಳು, ತೆಲುಗಿನಲ್ಲೂ ಹೀಗೇ.

ಅಮೆರಿಕದಲ್ಲಿ ಇಂಟರ್ವಲ್ ಇರಲೇ ಇಲ್ಲ ಅನ್ನುವುದೂ ತಪ್ಪು. 1939ರ 'ಗಾನ್ ವಿತ್ ದ ವಿಂಡ್'ಗೆ ಇತ್ತು. 1962ರ 'ಲಾರೆನ್ಸ್ ಆಫ್ ಅರೇಬಿಯಾ'ಕ್ಕೂ ಇತ್ತು. ಅಂಥ ಉದ್ದದ ಚಿತ್ರಗಳನ್ನು ನಾಟಕದ ಹಾಗೆ, ಸೀಟು ಕಾಯ್ದಿರಿಸಿ, ದಿನಕ್ಕೆ ಒಂದೋ ಎರಡೋ ಆಟ ಅಂತ ತೋರಿಸುತ್ತಿದ್ದರು. ಮಾಮೂಲಿ ಚಿತ್ರಗಳ ರೀತಿಯೇ ಬೇರೆ. ಅಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ಒಂದರ ಹಿಂದೆ ಒಂದು ಆಟ ಓಡುತ್ತಲೇ ಇರುತ್ತಿತ್ತು. ಜನ ಯಾವಾಗ ಬೇಕಾದರೂ ಒಳಗೆ ಬರುತ್ತಿದ್ದರು. ಅರ್ಧದಿಂದ ನೋಡಿ, ಮುಂದಿನ ಆಟದಲ್ಲಿ ಮೊದಲರ್ಧ ನೋಡಿಕೊಂಡು ಹೋಗುತ್ತಿದ್ದರು. 1960ರಲ್ಲಿ ಹಿಚ್‌ಕಾಕ್ ತಮ್ಮ 'ಸೈಕೋ' ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂದದ್ದು ದೊಡ್ಡ ಸುದ್ದಿಯಾದದ್ದು ಅದಕ್ಕೇ. ಎಲ್ಲರೂ ಒಟ್ಟಿಗೆ ಬಂದು ಒಟ್ಟಿಗೆ ಏಳದ ಕಡೆ 'ಅರ್ಧ' ಅನ್ನುವುದಕ್ಕೇ ಅರ್ಥವಿಲ್ಲ. ನಮ್ಮಲ್ಲಿ ಮಾರ್ನಿಂಗ್ ಷೋ, ಮ್ಯಾಟಿನಿ, ಫಸ್ಟ್ ಷೋ, ಸೆಕೆಂಡ್ ಷೋ ಅಂತ ಗಂಟೆ ಗೊತ್ತುಮಾಡಿ, ಪ್ರತಿ ಸಲ ಹಾಲ್ ಖಾಲಿ ಮಾಡಿಸಿ ತೋರಿಸುವ ಕ್ರಮ ಬೆಳೆಯಿತು. ನಡುವೆ ನಿಲ್ಲಿಸುವುದು ಅದಕ್ಕೆ ಚೆನ್ನಾಗಿ ಹೊಂದಿತು. ಉದ್ದ ಹೆಚ್ಚಾದರೆ ವಿರಾಮವೂ ಹೆಚ್ಚು. 1964ರ 'ಸಂಗಂ', 1970ರ 'ಮೇರಾ ನಾಮ್ ಜೋಕರ್' ಎರಡಕ್ಕೂ ಎರಡೆರಡು ಇಂಟರ್ವಲ್ ಇದ್ದವು.

ಇದು ಹುಟ್ಟಿನ ಕಥೆ. ಇಂದಿಗೂ ಉಳಿದಿರುವ ಕಾರಣ ಕ್ಯಾಂಟೀನ್. ಇದನ್ನು ನಿಮ್ಮ ವಿತರಕರು ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ನೂರು ಜನ ಇನ್ನೂರು ರೂಪಾಯಿ ಟಿಕೆಟ್ ಕೊಂಡರು ಅಂತಿಟ್ಟುಕೊಳ್ಳಿ. ಇಪ್ಪತ್ತು ಸಾವಿರ ಆಯಿತು. ತೆರಿಗೆ ಕಳೆದು ಉಳಿದದ್ದರಲ್ಲಿ, ಮಲ್ಟಿಪ್ಲೆಕ್ಸ್ ಆದರೆ, ಮೊದಲ ವಾರ ಹೆಚ್ಚುಕಡಿಮೆ ಅರ್ಧ ಚಿತ್ರದವರಿಗೆ ಹೋಗುತ್ತದೆ. ಅದೇ ನೂರು ಜನರಲ್ಲಿ ನಲವತ್ತು ಜನ ತಲಾ 250 ರೂಪಾಯಿಯ ಪಾಪ್‌ಕಾರ್ನ್, ಕಾಫಿ ತೆಗೆದುಕೊಂಡರೆ ಹತ್ತು ಸಾವಿರ. ಈ ಹಣದಲ್ಲಿ ಚಿತ್ರದವರಿಗೆ ಪಾಲಿಲ್ಲ. ಇವು ಲೆಕ್ಕ ತೋರಿಸಲು ನಾನು ಹಾಕಿಕೊಂಡ ಅಂಕಿಗಳು, ಆದರೆ ಅನುಪಾತ ತೀರಾ ದೂರದ್ದಲ್ಲ. ದೇಶದ ಅತಿ ದೊಡ್ಡ ಮಲ್ಟಿಪ್ಲೆಕ್ಸ್ ಕಂಪನಿಯ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ತಿಂಡಿ ಮತ್ತು ಪಾನೀಯದ್ದು. ಸಿನಿಮಾ ಶುರುವಾಗುವ ಮುಂಚೆ ಜನ ಪಾರ್ಕಿಂಗ್, ಟಿಕೆಟ್, ಸೀಟು ಅಂತ ಗಡಿಬಿಡಿಯಲ್ಲಿರುತ್ತಾರೆ. ಕೈ ಖಾಲಿ ಇರುವುದು, ಹಸಿವಾಗುವುದು ಇಂಟರ್ವಲ್‌ನಲ್ಲಿ. ಜೊತೆಗೆ ಆ ಹೊತ್ತಿನ ಜಾಹೀರಾತಿನ ಹಣ ಬೇರೆ. ಸಿಂಗಲ್ ಸ್ಕ್ರೀನ್‌ಗಳಲ್ಲಿ ಕ್ಯಾಂಟೀನನ್ನು ಗುತ್ತಿಗೆಗೆ ಕೊಡುವುದು ವಾಡಿಕೆ. ಗುತ್ತಿಗೆದಾರ ಹಣ ಕಟ್ಟುವುದು ಆ ಹದಿನೈದು ನಿಮಿಷವನ್ನು ನಂಬಿ.

ಅದಕ್ಕೇ ನೀವು ಇಂಟರ್ವಲ್ ಕೊಡದಿದ್ದರೂ ಚಿತ್ರ ನಿಲ್ಲುವ ಸಾಧ್ಯತೆಯೇ ಜಾಸ್ತಿ. ಹಾಲಿವುಡ್ ಚಿತ್ರಗಳಿಗೆ ನಮ್ಮ ಊರುಗಳಲ್ಲಿ ಆಗುವುದು ಇದೇ. ಒಬ್ಬರು ಮಾತಾಡುತ್ತಿರುವಾಗಲೇ ಚಿತ್ರ ನಿಂತು ದೀಪ ಹತ್ತಿದ್ದನ್ನು ನೀವೂ ನೋಡಿರುತ್ತೀರಿ. ಎಡಿಟರ್ ಎಲ್ಲೂ ನಿಲ್ಲಿಸದ ಚಿತ್ರವನ್ನು ಕ್ಯಾಬಿನ್‌ನಲ್ಲಿರುವವರು ಗಡಿಯಾರ ನೋಡಿ ನಿಲ್ಲಿಸುತ್ತಾರೆ. ಇಂಟರ್ವಲ್ ಇರುವ ದೇಶ ನಮ್ಮದೊಂದೇ ಅಂತಲೂ ಅಂದುಕೊಳ್ಳಬೇಡಿ. ಟರ್ಕಿ, ಸ್ವಿಟ್ಜರ್ಲೆಂಡ್, ಐಸ್‌ಲೆಂಡ್‌ನಲ್ಲೂ ಥಿಯೇಟರಿನವರು ನಡುವೆ ನಿಲ್ಲಿಸುವ ರೂಢಿ ಇದೆ. ವ್ಯತ್ಯಾಸ ಒಂದೇ. ಅಲ್ಲಿ ಸಾಮಾನ್ಯವಾಗಿ ನಿಲ್ಲಿಸುವುದು ಥಿಯೇಟರಿನವರು. ನಮ್ಮಲ್ಲಿ ಅದನ್ನು ಕಥೆ ಬರೆಯುವವರು ಬರೆಯುತ್ತಾರೆ.

ನಿಮಗೆ ನಿಜವಾಗಿ ಬೇಕಿರುವ ವಿಷಯ ಇಲ್ಲಿಂದ ಶುರು. ನಮ್ಮಲ್ಲಿ ಕಥೆ ಹೇಳಲು ಕೂತಾಗ ಕ್ಲೈಮ್ಯಾಕ್ಸ್ ಕೇಳುವ ಮುಂಚೆ 'ಇಂಟರ್ವಲ್ ಏನು?' ಅಂತ ಕೇಳುತ್ತಾರೆ. ಈ ಪ್ರಶ್ನೆ ಚಿತ್ರದ ನಡಿಗೆಯನ್ನೇ ಬದಲಿಸುತ್ತದೆ. ಒಂದೇ ಏರು ಇರುವ ಕಡೆ ಎರಡು ಏರು ಬರುತ್ತವೆ. ಮೊದಲರ್ಧದ ಕೊನೆಗೆ ಒಂದು ಎತ್ತರ ಖಾತ್ರಿ ಇರುವುದರಿಂದ ಅದಕ್ಕೆ ಮುಂಚಿನ ಒಂದು ಗಂಟೆ ಆರಾಮವಾಗಿ ಓಡಾಡಬಹುದು. ಪರಿಚಯ, ಹಾಸ್ಯ, ಪ್ರೀತಿ, ಎರಡು ಹಾಡು ಎಲ್ಲಕ್ಕೂ ಜಾಗ ಇರುತ್ತದೆ. ಕಥೆಯ ಭಾರ ಎಲ್ಲ ಎರಡನೇ ಅರ್ಧದ ಮೇಲೆ ಬೀಳುತ್ತದೆ. 'ಫಸ್ಟ್ ಹಾಫ್ ಚೆನ್ನಾಗಿತ್ತು, ಸೆಕೆಂಡ್ ಹಾಫ್ ಎಳೆದರು' ಅನ್ನುವ ಮಾತು ಇಷ್ಟು ಸಾಮಾನ್ಯವಾಗಿರುವುದಕ್ಕೆ ಮುಖ್ಯ ಕಾರಣ ಇದು. ಎಷ್ಟೋ ಸಲ ಎರಡನೇ ಅರ್ಧ ಉದ್ದವೂ ಇರುವುದಿಲ್ಲ. ಹೊರಗಿನಿಂದ ಹೊಸದಾಗಿ ಬಂದು ಕೂತವರನ್ನು ಮತ್ತೆ ಸೊನ್ನೆಯಿಂದ ಹತ್ತಿಸಬೇಕಾಗಿ ಬಂದಿರುತ್ತದೆ, ಅಷ್ಟೆ.

ಇಂಟರ್ವಲ್‌ನಲ್ಲಿ ನೋಡುವವರಿಗೆ ಏನಾಗುತ್ತದೆ ಅಂತ ಗಮನಿಸಿ. ಹದಿನೈದು ನಿಮಿಷ ಬೆಳಕಿನಲ್ಲಿರುತ್ತಾರೆ. ಫೋನ್ ತೆಗೆಯುತ್ತಾರೆ, ಮನೆಗೆ ಮಾತಾಡುತ್ತಾರೆ, ಮೊದಲ ದಿನವಾದರೆ ಅರ್ಧ ಚಿತ್ರದ ತೀರ್ಪನ್ನು ಅಲ್ಲೇ ಬರೆದು ಹಾಕುತ್ತಾರೆ. ಮುಂದೇನು ಅಂತ ಜೊತೆಯವರ ಹತ್ತಿರ ಊಹೆ ಮಾಡುತ್ತಾರೆ. ಮೂರು ಊಹೆ ಆಡಿಕೊಂಡು ಒಳಗೆ ಬಂದವರಿಗೆ ನೀವು ನಾಲ್ಕನೆಯದನ್ನು ಕೊಡಬೇಕು. ಇಂಟರ್ವಲ್ ಇಲ್ಲದ ಸಸ್ಪೆನ್ಸ್ ಚಿತ್ರದಲ್ಲಿ ಯೋಚಿಸಲು ಬಿಡುವಿಲ್ಲದ್ದರಿಂದ ಸಣ್ಣ ತೂತುಗಳು ಮುಚ್ಚಿಹೋಗುತ್ತವೆ. ಇಂಟರ್ವಲ್ ಇದ್ದರೆ ಆ ತೂತುಗಳೆಲ್ಲ ಕ್ಯಾಂಟೀನ್ ಹತ್ತಿರ ಚರ್ಚೆಯಾಗುತ್ತವೆ. ನಿಮ್ಮ ಚಿತ್ರಕ್ಕೆ ನಿಜವಾದ ಅಪಾಯ ಇರುವುದು ಇದರಲ್ಲಿ, ಲಯ ಮುರಿಯುವುದರಲ್ಲಿ ಅಲ್ಲ.

ಒಂದು ಒಳ್ಳೆಯ ಪರಿಣಾಮವೂ ಇದೆ. ದೀಪ ಆರಿ ಮತ್ತೆ ಪರದೆ ಬೆಳಗಿದಾಗ ಜನ ಹೊಸ ಚಿತ್ರಕ್ಕೆ ಕೂತ ಹಾಗೆ ಕೂರುತ್ತಾರೆ. ಬೇರೆ ಊರು, ಬೇರೆ ಕಾಲ, ಹೊಸ ಪಾತ್ರ ಯಾವುದನ್ನು ತೋರಿಸಿದರೂ ತಕರಾರಿಲ್ಲದೆ ಒಪ್ಪುತ್ತಾರೆ. ನಮ್ಮ ಚಿತ್ರಗಳಲ್ಲಿ ದೊಡ್ಡ ಫ್ಲ್ಯಾಶ್‌ಬ್ಯಾಕ್ ಇಂಟರ್ವಲ್ ಆದ ಮೇಲೆ ಬರುವುದು ಸುಮ್ನೆ ಅಲ್ಲ. ಚಿಕ್ಕಂದಿನಲ್ಲಿ ನಮ್ಮೂರ ಟೆಂಟಿನಲ್ಲಿ ಇಂಟರ್ವಲ್ ಮುಗಿದ ಮೇಲೆ ಗೇಟಿನಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ನಾವು ಹುಡುಗರು ಆಗ ಒಳಗೆ ಹೋಗಿ ಕೂರುತ್ತಿದ್ದೆವು. ಹಾಗೆ ಎಷ್ಟೋ ಚಿತ್ರಗಳ ಎರಡನೇ ಅರ್ಧ ಮಾತ್ರ ನೋಡಿದ್ದೇನೆ, ಮತ್ತು ಹೆಚ್ಚಿನವು ಅರ್ಥವಾದವು. ಎರಡನೇ ಅರ್ಧ ತನ್ನ ಕಾಲ ಮೇಲೆ ನಿಲ್ಲುವ ಹಾಗೆ ಅವನ್ನು ಕಟ್ಟಿದ್ದರು.

ಇನ್ನು ಕೆಲಸ ಹಾಳಾಗುವ ಜಾಗ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ನಾನು ಎಡಿಟ್ ಮಾಡಿದ ಒಂದು ಕೊಲೆ ಕಥೆಯಲ್ಲಿ ಇಂಟರ್ವಲ್ ಆದ ಎರಡನೇ ನಿಮಿಷಕ್ಕೆ ಒಂದು ಸಣ್ಣ ದೃಶ್ಯ ಇತ್ತು. ಔಷಧಿ ಅಂಗಡಿಯವನು ಒಂದು ಚೀಟಿ ತೋರಿಸಿ 'ಈ ಅಕ್ಷರ ಡಾಕ್ಟರದ್ದಲ್ಲ' ಅನ್ನುತ್ತಾನೆ. ಕ್ಲೈಮ್ಯಾಕ್ಸ್ ಪೂರ್ತಿ ಆ ಒಂದು ಸಾಲಿನ ಮೇಲೆ ನಿಂತಿತ್ತು. ಎಡಿಟಿಂಗ್ ರೂಮಿನಲ್ಲಿ ಐವತ್ತು ಸಲ ನೋಡಿದ್ದ ನಮಗೆ ಅದು ಸ್ಪಷ್ಟವಾಗಿತ್ತು. ಬಿಡುಗಡೆಯಾದ ಮೇಲೆ ಜನ 'ಕೊನೆ ಅರ್ಥ ಆಗಲಿಲ್ಲ' ಅಂದರು. ನಾನು ಹೋಗಿ ಒಂದು ಥಿಯೇಟರಿನ ಹಿಂದಿನ ಸಾಲಿನಲ್ಲಿ ಕೂತೆ. ಎರಡನೇ ಅರ್ಧ ಶುರುವಾದಾಗ ಮೂರರಲ್ಲಿ ಒಂದು ಸೀಟು ಖಾಲಿ ಇತ್ತು. ಎಲ್ಲರೂ ಬಂದು ಕೂರಲು ನಾಲ್ಕು ನಿಮಿಷ ಹಿಡಿಯಿತು. ಬಂದವರು ಪೊಟ್ಟಣ ಹಿಡಿದುಕೊಂಡು 'ಸ್ವಲ್ಪ ಜರುಗಿ' ಅನ್ನುತ್ತಾ ಸಾಲಿನೊಳಗೆ ಹೋಗುತ್ತಿದ್ದರೆ, ಮೊದಲೇ ಕೂತವರಿಗೂ ಪರದೆ ಕಾಣುತ್ತಿರಲಿಲ್ಲ. ಆ ಸಾಲು ಯಾರಿಗೂ ಕೇಳಿಸಿರಲಿಲ್ಲ.

ಅಂದಿನಿಂದ ನಾನು ಆ ನಾಲ್ಕೈದು ನಿಮಿಷವನ್ನು ಬೇರೆಯಾಗಿಯೇ ನೋಡುತ್ತೇನೆ. ಹಳೆಯ ನಿರ್ದೇಶಕರು ಅಲ್ಲಿ ಹಾಡು ಇಡುತ್ತಿದ್ದರು, ಇಲ್ಲವೇ ಹಾಸ್ಯದ ದೃಶ್ಯ ಇಡುತ್ತಿದ್ದರು. ಓದಿಕೊಂಡವರು ಅದನ್ನು ಕಥೆಗೆ ಸಂಬಂಧವಿಲ್ಲದ್ದು ಅಂತ ಟೀಕಿಸುತ್ತಾರೆ. ಹಾಲ್‌ನಲ್ಲಿ ಕೂತು ನೋಡಿದರೆ ಅದು ಜನ ಬಂದು ಕೂರಲಿ ಅಂತ ಬಿಟ್ಟ ಜಾಗ ಅಂತ ತಿಳಿಯುತ್ತದೆ. ನಾನು ಆ ನಿರ್ದೇಶಕರ ಪರ.

ಈಗ ನಿಮ್ಮ ಬಸ್ಸಿಗೆ ಬರೋಣ.

ಇಂಟರ್ವಲ್ ಇಲ್ಲದೆ ಬಿಡುಗಡೆ ಮಾಡುವುದು ಮೊದಲ ದಾರಿ. 2011ರಲ್ಲಿ 'ಧೋಬಿ ಘಾಟ್' ಹಾಗೆ ಬಂತು. ಆದರೆ ಅದರ ಹಿಂದೆ ನಿರ್ಮಾಪಕರಾಗಿ, ನಟರಾಗಿ ಆಮಿರ್ ಖಾನ್ ಇದ್ದರು. ಮೊದಲ ಚಿತ್ರದವರು ಕೇಳಿದರೆ ಥಿಯೇಟರಿನವರು ಎದುರಿಗೆ ಆಗಲಿ ಅಂದು, ನಡುವೆ ತಮಗೆ ಅನುಕೂಲವಾದ ಕಡೆ ನಿಲ್ಲಿಸಬಹುದು. ಅಥವಾ ಬೆಳಗ್ಗೆಯದೊಂದೇ ಆಟ ಕೊಡಬಹುದು. ನಿಮ್ಮ ಹತ್ತಿರ ಒಂದು ವಾದ ಮಾತ್ರ ಇದೆ. 104 ನಿಮಿಷದ ಚಿತ್ರಕ್ಕೆ ಇಂಟರ್ವಲ್ ತೆಗೆದರೆ ಆಟಕ್ಕೆ ಹದಿನೈದು ನಿಮಿಷ ಉಳಿಯುತ್ತದೆ. ಐದು ಆಟಕ್ಕೆ ಒಂದೂಕಾಲು ಗಂಟೆ. ಒಂದು ಪರದೆಯಲ್ಲಿ ಇದು ಪೂರ್ತಿ ಇನ್ನೊಂದು ಆಟಕ್ಕೆ ಸಾಲುವುದಿಲ್ಲ. ಹೆಚ್ಚು ಪರದೆಗಳಿದ್ದು ವೇಳೆ ಹೊಂದಿಸಿಕೊಳ್ಳಬಲ್ಲ ಮಲ್ಟಿಪ್ಲೆಕ್ಸ್ ಆದರೆ ಕೇಳಿಸಿಕೊಂಡಾರು. ಬೆಂಗಳೂರಿನ ಎರಡು ಮೂರು ಪರದೆಗಳಲ್ಲಿ ಮಾತ್ರ ತೋರಿಸುವ ಯೋಚನೆಯಿದ್ದರೆ ಪ್ರಯತ್ನಿಸಿ. ಶಿರಸಿ, ಹಾವೇರಿ, ದಾವಣಗೆರೆಗೂ ಹೋಗಬೇಕು ಅಂತಿದ್ದರೆ ಈ ದಾರಿ ಬೇಡ.

ವಿತರಕರು ಹೇಳಿದ ಹೊಡೆದಾಟದ ಇಂಟರ್ವಲ್ ಎರಡನೆಯದು. ಅವರ ಆತಂಕ ಸುಳ್ಳಲ್ಲ. ತಣ್ಣಗಿನ ಜಾಗದಲ್ಲಿ ದೀಪ ಹತ್ತಿದರೆ ಜನ 'ಇಷ್ಟೇನಾ?' ಅನ್ನುತ್ತಾರೆ, ಕೆಲವರು ಮನೆಗೂ ಹೋಗುತ್ತಾರೆ. ಆದರೆ 63ನೇ ನಿಮಿಷಕ್ಕೆ ಬಿಟ್ಟರೆ ಎರಡನೇ ಅರ್ಧಕ್ಕೆ ಉಳಿಯುವುದು 41 ನಿಮಿಷ. ಕಾಫಿ ಕುಡಿದು ಬಂದು ಕೂತವರಿಗೆ ಚಿತ್ರ ಬೇಗ ಮುಗಿದುಹೋಯಿತು ಅನ್ನಿಸುತ್ತದೆ. ಇನ್ನೂ ದೊಡ್ಡ ತೊಂದರೆ ಬೇರೆಯಿದೆ. ಹೊಡೆದಾಟವನ್ನು ಅಷ್ಟು ದೊಡ್ಡದು ಮಾಡಿದರೆ ಅದಾದ ಮೇಲೂ ಬಸ್ಸಿನಲ್ಲಿ ಎಲ್ಲರೂ ಕೂತು ಪ್ರಯಾಣ ಮುಂದುವರಿಸುವುದನ್ನು ಯಾರೂ ನಂಬುವುದಿಲ್ಲ. ಡ್ರೈವರ್ ಪೊಲೀಸ್ ಠಾಣೆಗೆ ಯಾಕೆ ತಿರುಗಿಸಲಿಲ್ಲ ಅನ್ನುವುದೇ ಕ್ಯಾಂಟೀನಿನ ಮೊದಲ ಮಾತಾಗುತ್ತದೆ. ಇಂಟರ್ವಲ್‌ಗೆ ಅಂತ ಬಲವಂತವಾಗಿ ಎತ್ತರಿಸಿದ ದೃಶ್ಯವನ್ನು ಎರಡನೇ ಅರ್ಧದ ಮೊದಲ ದೃಶ್ಯದಲ್ಲೇ ಇಳಿಸಬೇಕಾಗುತ್ತದೆ. ನಾಯಕನಿಗೆ ಬಿದ್ದ ಏಟು ಅಷ್ಟೇನೂ ಆಗಿರಲಿಲ್ಲ, ಅದು ಕನಸಾಗಿತ್ತು, ಸತ್ತವನು ಬದುಕಿದ್ದ, ಈ ಥರದ ಸಮಾಧಾನಗಳೆಲ್ಲ ಹುಟ್ಟುವುದು ಹೀಗೆ. ಜನ ಇದನ್ನು ಮೋಸ ಅಂತಲೇ ತಿಳಿಯುತ್ತಾರೆ, ಮತ್ತು ಅದು ಮೋಸವೇ.

ಬಸ್ಸು ಹೋಟೆಲಿನ ಮುಂದೆ ನಿಂತಾಗಲೇ ಚಿತ್ರವನ್ನೂ ನಿಲ್ಲಿಸುವುದು ಚೆಂದ ಅಂತ ನಿಮಗೆ ಅನ್ನಿಸಿರಬಹುದು. ಅವರೂ ಇಳಿಯುತ್ತಾರೆ, ನಾವೂ ಏಳುತ್ತೇವೆ. ನನಗೂ ಓದಿದ ಕೂಡಲೇ ಆಸೆಯಾಯಿತು. ಆದರೆ 46ರಲ್ಲಿ ಯಾವ ಹೊಸ ಪ್ರಶ್ನೆಯೂ ತೆರೆದಿಲ್ಲ. ಬಸ್ಸು ನಿಂತಿದೆ, ಅಷ್ಟೆ. ಜನ ನಿರಾಳವಾಗಿ ಏಳುತ್ತಾರೆ. ಸಸ್ಪೆನ್ಸ್‌ಗೆ ನಿರಾಳ ಒಳ್ಳೆಯದಲ್ಲ.

ನಾನಾದರೆ 52ರಲ್ಲಿ ಬಿಡುತ್ತೇನೆ. ಸರಿಯಾಗಿ ನಡು ಅನ್ನುವ ಕಾರಣಕ್ಕಲ್ಲ, ಅದು ಅನುಕೂಲಕ್ಕೆ ಸಿಕ್ಕಿದ್ದು. ಅಲ್ಲಿಯವರೆಗೆ ನಿಮ್ಮ ಚಿತ್ರದ ಪ್ರಶ್ನೆ 'ಯಾರು ಓಡಿಹೋಗುತ್ತಿದ್ದಾರೆ' ಅನ್ನುವುದು. ತಲೆ ಎಣಿಸಿದ ಮೇಲೆ ಅದು 'ಯಾರು ಒಳಗೆ ಬಂದಿದ್ದಾರೆ' ಅಂತ ಆಗುತ್ತದೆ. ಪ್ರಶ್ನೆಯೇ ಬದಲಾಗುವ ಜಾಗ ಇಂಟರ್ವಲ್‌ಗೆ ಗಟ್ಟಿ ಜಾಗ, ಅಲ್ಲಿ ಸದ್ದು ಇಲ್ಲದಿದ್ದರೂ. ಇನ್ನೊಂದು ಅನುಕೂಲವೂ ಇದೆ. ಕಂಬಳಿಯೊಳಗೆ ಬೇರೆಯವನಿದ್ದಾನೆ ಅಂತ ನೋಡುವವರಿಗೆ ಗೊತ್ತು, ಕಂಡಕ್ಟರ್‌ಗೆ ಗೊತ್ತಿಲ್ಲ. ಈ ಗುಟ್ಟನ್ನು ಹೊತ್ತುಕೊಂಡೇ ಜನ ಹೊರಗೆ ಹೋಗುತ್ತಾರೆ. ಮಾತಾಡಿಕೊಳ್ಳಲು ಇದಕ್ಕಿಂತ ಬೇರೆ ಬೇಕಿಲ್ಲ.

ಇದಕ್ಕೆ ಮೂರು ಕೆಲಸ ಆಗಬೇಕು. ಬೇರೆಯವನು ಅನ್ನುವುದು ಕೊನೆಯ ಸಾಲಿನಲ್ಲಿ ಕೂತವರಿಗೂ ತಪ್ಪದೆ ಕಾಣಬೇಕು. ಮುಖ ತೋರಿಸುವುದು ಬೇಡ ಅಂತಿದ್ದರೆ ಕಾಲು ತೋರಿಸಿ. ಇಳಿದವನು ಹವಾಯಿ ಚಪ್ಪಲಿ ಹಾಕಿದ್ದರೆ ಈಗ ಕಂಬಳಿಯ ಕೆಳಗೆ ಕೆಸರಾದ ಬೂಟು. ಇಳಿಯುವಾಗ ಚಪ್ಪಲಿಯನ್ನು ಒಮ್ಮೆ ತೋರಿಸಿರಬೇಕು, ಮರೆಯಬೇಡಿ. ಕಂಡಕ್ಟರ್ 'ರೈಟ್' ಅಂದು ಬಸ್ಸು ಹೊರಡಲಿ. ಬೂಟಿನ ಮೇಲೆ ಮೂರು ನಾಲ್ಕು ಸೆಕೆಂಡು ನಿಲ್ಲಿ. ಆಮೇಲೆ ಕಪ್ಪು, ಆಮೇಲೆ ವಿಶ್ರಾಂತಿಯ ಕಾರ್ಡು. ವಿತರಕರಿಗೆ ಬೇಕಿರುವ ಏರು ಇಲ್ಲೇ ಸಿಗುತ್ತದೆ, ರೀರೆಕಾರ್ಡಿಂಗ್‌ನಲ್ಲಿ, ಅಂದರೆ ಹಿನ್ನೆಲೆಯ ಸದ್ದು, ಸಂಗೀತ ಕೂಡಿಸುವಾಗ. ಇಂಜಿನ್ ಸದ್ದನ್ನೇ ಏರಿಸಿ ಒಮ್ಮೆಗೇ ಕತ್ತರಿಸಿ. ಹೊಡೆದಾಟವನ್ನು ಮತ್ತೆ ಶೂಟ್ ಮಾಡುವ ಖರ್ಚಿನಲ್ಲಿ ಸಣ್ಣ ಪಾಲು ಸಾಕು.

ಎರಡನೆಯದು ಆ ಫೋನ್ ಕರೆ. ಈಗ ಇರುವ ಹಾಗೆ ಬಿಟ್ಟರೆ ಅದು ಇಂಟರ್ವಲ್ ಆದ ಮೂರನೇ ನಿಮಿಷಕ್ಕೆ ಬರುತ್ತದೆ. ನನ್ನ ಔಷಧಿ ಚೀಟಿಯ ಗತಿಯೇ ಅದಕ್ಕೂ. ಅದನ್ನು 58ರ ಆಚೆಗೆ ತಳ್ಳಿ. ಆ ಜಾಗಕ್ಕೆ ಕಂಡಕ್ಟರ್ ಟಾರ್ಚ್ ಹಿಡಿದು ಮುಂದಿನಿಂದ ಹಿಂದಕ್ಕೆ ನಡೆಯುವ ದೃಶ್ಯ ತನ್ನಿ. ಮಾತು ಬೇಡ. ಮಲಗಿದ ಮುಖಗಳು, ಒದ್ದೆ ಕಿಟಕಿ, ಸೀಟಿನ ಕೆಳಗಿನ ಚೀಲಗಳು, ಕೊನೆಗೆ ಮತ್ತೆ ಆ ಬೂಟು. ತಡವಾಗಿ ಬಂದವರಿಗೆ ಯಾರು ಎಲ್ಲಿದ್ದಾರೆ ಅಂತ ನೆನಪಾಗುತ್ತದೆ. ಮೊದಲೇ ಕೂತವರಿಗೆ ಕಂಡಕ್ಟರ್ ಹಿಂದಿನ ಸೀಟಿಗೆ ಹತ್ತಿರವಾಗುತ್ತಿದ್ದಾನೆ ಅನ್ನುವ ಭಯ ಸಾಕು. ಮೂರು ನಿಮಿಷ ಸುಲಭವಾಗಿ ಹಿಡಿಯುತ್ತದೆ. ಹೊಸದಾಗಿ ಏನೂ ಶೂಟ್ ಮಾಡಬೇಕಾಗಿ ಬರಲಿಕ್ಕಿಲ್ಲ. ಬಸ್ಸಿನಲ್ಲಿ ತೆಗೆದು ಬಿಟ್ಟ ಶಾಟ್‌ಗಳು ನಿಮ್ಮ ಹತ್ತಿರ ಇದ್ದೇ ಇರುತ್ತವೆ, ಹುಡುಕಿ.

ಮೂರನೆಯದು ಊಹೆಗಳ ವಿಷಯ. ಇಂಟರ್ವಲ್‌ನಲ್ಲಿ ಜನ ಕೇಳುವ ಮೊದಲ ಪ್ರಶ್ನೆ 'ಇಳಿದವನು ಸತ್ತನಾ?' ಅನ್ನುವುದು. ಎರಡನೆಯದು 'ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರಾ?'. ನಿಮ್ಮ ಕ್ಲೈಮ್ಯಾಕ್ಸ್ ಈ ಎರಡರಲ್ಲಿ ಒಂದಾಗಿದ್ದರೆ ಅದನ್ನು ಕೊನೆಯವರೆಗೆ ಮುಚ್ಚಿಡಬೇಡಿ. 70ನೇ ನಿಮಿಷದೊಳಗೆ ಬಿಚ್ಚಿ, ಕೊನೆಗೆ ಬೇರೆ ಪ್ರಶ್ನೆ ಉಳಿಸಿಕೊಳ್ಳಿ. ಕಥೆ ಗೊತ್ತಿಲ್ಲದ ಹತ್ತು ಜನರಿಗೆ 52ರವರೆಗೆ ತೋರಿಸಿ, ಹದಿನೈದು ನಿಮಿಷ ಹೊರಗೆ ಬಿಟ್ಟು, ನೀವು ದೂರದಲ್ಲಿ ನಿಂತು ಅವರ ಮಾತು ಕೇಳಿ. ಏನನ್ನೂ ಕೇಳಬೇಡಿ, ವಿವರಿಸಬೇಡಿ. ನಾಲ್ಕು ಜನ ಒಂದೇ ಊಹೆ ಆಡಿದರೆ ಅದು ಎಲ್ಲರಿಗೂ ಹೊಳೆಯುತ್ತದೆ ಅಂತಲೇ ತಿಳಿಯಿರಿ.

ಉಳಿದದ್ದು ಬಿಡುಗಡೆಯ ಕೆಲಸ. ಥಿಯೇಟರಿಗೆ ಹೋಗುವ ಡಿಜಿಟಲ್ ಪ್ರಿಂಟನ್ನು ಎರಡು ಭಾಗವಾಗಿಯೇ ಮಾಡಿಸಿ. ಮೊದಲ ಭಾಗ ಮುಗಿದು, ಜಾಹೀರಾತು ಬಂದು, ಎರಡನೇ ಭಾಗ ಶುರುವಾಗುತ್ತದೆ. ನಿಲ್ಲಿಸುವ ಜಾಗವನ್ನು ಬೇರೆ ಯಾರೂ ಆರಿಸುವ ಹಾಗಿರುವುದಿಲ್ಲ. ಇದನ್ನೆಲ್ಲ ಸೆನ್ಸಾರ್‌ಗೆ ಕಳಿಸುವ ಮುಂಚೆಯೇ ತೀರ್ಮಾನಿಸಿ. ಪ್ರಮಾಣಪತ್ರ ಬಂದ ಮೇಲೆ ದೃಶ್ಯ ಸೇರಿಸಿದರೆ, ತೆಗೆದರೆ ಮತ್ತೆ ಮಂಡಳಿಯ ಒಪ್ಪಿಗೆ ಬೇಕಾಗುತ್ತದೆ.

ಒಂದೇ ಉಸಿರಿನ ಚಿತ್ರ ಅನ್ನುವ ನಿಮ್ಮ ಆಸೆಗೆ ಓಟಿಟಿಯಲ್ಲಿ ಜಾಗ ಇದೆ. ಅದಕ್ಕೆ ಬೇರೆ ಪ್ರತಿ ಮಾಡಿ. ವಿಶ್ರಾಂತಿಯ ಕಾರ್ಡು ತೆಗೆಯಿರಿ. ಟಾರ್ಚಿನ ದೃಶ್ಯವನ್ನು ಮೂರು ನಿಮಿಷದಿಂದ ನಲವತ್ತು ಸೆಕೆಂಡಿಗೆ ಇಳಿಸಿ, ಫೋನ್ ಕರೆಯನ್ನು 55ಕ್ಕೆ ವಾಪಸ್ ತನ್ನಿ. ಮಿಕ್ಸಿಂಗ್ ಮಾಡುವವರಿಗೆ ಈಗಲೇ ಹೇಳಿ, ಇಂಟರ್ವಲ್‌ನ ಸದ್ದು ಮತ್ತು ಎರಡನೇ ಅರ್ಧದ ಶುರುವಿನ ಸಂಗೀತವನ್ನು ಬೇರೆ ಟ್ರ್ಯಾಕ್‌ನಲ್ಲಿ ಇಟ್ಟಿರಲಿ ಅಂತ. ಎಷ್ಟೋ ಚಿತ್ರಗಳನ್ನು ಮನೆಯಲ್ಲಿ ನೋಡುವಾಗ ನಡುವೆ ದೊಡ್ಡ ಡಂ ಅಂತ ಸದ್ದಾಗಿ, ಕಪ್ಪಾಗಿ, ಕೂಡಲೇ ತಣ್ಣಗಿನ ಬೆಳಗಿನ ದೃಶ್ಯ ಬರುತ್ತದಲ್ಲ, ಅದು ಈ ಕೆಲಸ ಮರೆತದ್ದರಿಂದ ಆದದ್ದು.

ಬಿಡುಗಡೆಯ ಶುಕ್ರವಾರ ಒಂದು ಸಿಂಗಲ್ ಸ್ಕ್ರೀನ್‌ಗೆ, ಒಂದು ಮಲ್ಟಿಪ್ಲೆಕ್ಸ್‌ಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಿ. ಎರಡನೇ ಅರ್ಧ ಶುರುವಾದ ಎಷ್ಟನೇ ನಿಮಿಷಕ್ಕೆ ಸೀಟು ತುಂಬಿತು ಅಂತ ಎರಡೂ ಕಡೆ ಬರೆದುಕೊಳ್ಳಿ. ಕಂಡಕ್ಟರ್ ಟಾರ್ಚ್ ಹಿಂದಿನ ಸೀಟಿಗೆ ಬರುವ ಹೊತ್ತಿಗೆ ಎಲ್ಲರೂ ಕೂತಿದ್ದರೆ ಫೋನ್ ಕರೆ ಸರಿಯಾದ ಜಾಗದಲ್ಲಿದೆ.